ಅಪ್‌ಡೇಟ್: ಮಂಜಿನಲ್ಲಿ ವಾಪಸ್ ಕರೆತಂದ ಟ್ರ್ಯಾಕ್

ನನ್ನ ಪ್ರಶ್ನೆ: "ಬೆಟ್ಟದಲ್ಲಿ ಮಂಜು ಕವಿದರೆ, ನೆಟ್‌ವರ್ಕ್ ಇಲ್ಲದ ಫೋನ್ ನಂಬಿ ವಾಪಸ್ ಬರಬಹುದಾ?"

ಬಂದೆ! ಹತ್ತುವಾಗಲೇ ಫೋನ್‌ನಲ್ಲಿ ನಡೆದ ದಾರಿಯ ಟ್ರ್ಯಾಕ್ ರೆಕಾರ್ಡ್ ಮಾಡಿ ಎಂದವರ ಸಲಹೆಯೇ ಕೈಹಿಡಿಯಿತು. ಇಳಿಯುವಾಗ 10 ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡಿತು.

ನಿಂತಲ್ಲೇ ಫೋನ್‌ ನಕ್ಷೆಯ ಬಾಣದ ಗುರುತು ನೋಡಿ ದಿಕ್ಕು ಹಿಡಿಯುವ ಸಲಹೆ ಮಾತ್ರ ಫಲಿಸಲಿಲ್ಲ. ಬಾಣ ಸುಮ್ನೆ ಸುತ್ತುತ್ತಿತ್ತು. ಜಿಪಿಎಸ್‌ಗೆ ನಮ್ಮ ದಿಕ್ಕು ತಿಳಿಯುವುದು ನಾವು ನಡೆದಾಗಲೇ ಅಲ್ವಾ? ಹಾಗಾಗಿ 20 ಹೆಜ್ಜೆ ನಡೆದು, ನಾನಿರುವ ಜಾಗ ತೋರಿಸುವ ಚುಕ್ಕೆಯು ರೆಕಾರ್ಡ್ ಆದ ಟ್ರ್ಯಾಕ್‌ನ ಗೆರೆಯ ಮೇಲೇ ಹಿಂದಕ್ಕೆ ಸಾಗುತ್ತಿದೆಯಾ ಎಂದು ನೋಡಿದೆ. ಗೆರೆ ಬಿಟ್ಟು ದೂರವಾದರೆ ತಕ್ಷಣ ತಿರುಗಿದೆ.

ಆಶ್ಚರ್ಯವೆಂದರೆ, ಕಾಲುದಾರಿಯಲ್ಲೇ ಇದ್ದಾಗಲೂ ಚುಕ್ಕೆ ಕೆಲವು ಮೀಟರ್ ಪಕ್ಕಕ್ಕೆ ತೋರಿಸುತ್ತಿತ್ತು. ಕಡಿದಾದ ಅಂಚಿನಲ್ಲಿ ಗೆರೆಗಿಂತ ಕಾಲಡಿಯ ಸವೆದ ಮಣ್ಣನ್ನೇ ಜಾಸ್ತಿ ನಂಬಿದೆ.