ಬಾಗಿಲು ಬಡಿದ ಸದ್ದು ಮೊದಲೋ, ‘ಯಾರದು?’ ಮೊದಲೋ?

ಪ್ರಶ್ನೆ: ಕಾಮಿಕ್ಸ್ ಪುಟಗಳ ಫೋಟೊ ನೋಡಿಕೊಂಡು, ಕಣ್ಣು ಕಾಣದವರಿಗೆ ಓದಿ ಹೇಳಲೆಂದು, ಮಾತುಗಳನ್ನು ಚೌಕದಿಂದ ಚೌಕಕ್ಕೆ ಬರೆದಿಡುತ್ತಿದ್ದೇನೆ. ಒಂದು ಚೌಕದಲ್ಲಿ ಸಿಕ್ಕಿಕೊಂಡಿದ್ದೇನೆ. ಮೇಲ್ತುದಿಯ ಪಟ್ಟಿಯಲ್ಲಿ ‘ಅದೇ ರಾತ್ರಿ...’ ಎಂದಿದೆ. ಬಲಗಡೆ ಅಜ್ಜಿಯ ಮಾತಿನ ಗುಳ್ಳೆ: ‘ಯಾರದು?’ ಎಡಗಡೆ, ಅದಕ್ಕಿಂತ ತುಸು ಕೆಳಗೆ, ಹುಡುಗನ ಗುಳ್ಳೆ: ‘ನಾನೇ ಅಜ್ಜಿ, ಬಾಗಿಲು ತೆರೆ.’ ಕೆಳಗಿನ ಎಡ ಮೂಲೆಯಲ್ಲಿ ಬಾಗಿಲ ಮೇಲೆಯೇ ದಪ್ಪಕ್ಷರದಲ್ಲಿ ‘ದಡ್ ದಡ್’. ಎಡದಿಂದ ಓದಿದರೆ ಅಜ್ಜಿ ಕೇಳುವ ಮೊದಲೇ ಹುಡುಗ ಉತ್ತರ ಕೊಡುತ್ತಾನೆ! ಮೇಲಿನ ಪಟ್ಟಿಯನ್ನು ‘ಅಡಿಬರಹ’ ಎನ್ನಬಹುದೇ?

ಒಬ್ಬರು: ಕನ್ನಡ ಓದುವುದು ಎಡದಿಂದ ಬಲಕ್ಕೆ, ಗುಳ್ಳೆಗಳಿಗೂ ಅದೇ ನಿಯಮ. ಚಿತ್ರ ಬರೆದವರು ಎಡವಿರಬೇಕು. ಇಲ್ಲವೇ ಅದು ಜಪಾನಿನ ಮಂಗಾ ಇರಬೇಕು, ಅವು ಬಲದಿಂದ ಎಡಕ್ಕೆ ಸಾಗುತ್ತವೆ.

ಇನ್ನೊಬ್ಬರು: ಅಡಿಬರಹ ಧಾರಾಳವಾಗಿ ನಡೆಯುತ್ತದೆ. ಪತ್ರಿಕೆಯ ಫೋಟೊಗಳಿಗೆ ನಾನು ಬರೆಯುತ್ತಿದ್ದದ್ದೂ ಅದನ್ನೇ. ಎರಡು ಸಾಲು ಮೀರಬಾರದು, ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಬಾರದು.

ಮತ್ತೊಬ್ಬರು: ಫೋಟೊದ ಅಡಿಬರಹ ಚಿತ್ರದ ಹೊರಗಿರುತ್ತದೆ. ಈ ಪಟ್ಟಿ ಚೌಕದೊಳಗೆ, ಅದೂ ನೆತ್ತಿಯ ಮೇಲೆ ಕುಳಿತು ಕಥೆ ಹೇಳುತ್ತಿದೆ. ‘ನಿರೂಪಣೆ’ ಎಂದು ಬರೆಯಿರಿ. ಮಂಗಾ ಬಲದಿಂದ ಎಡಕ್ಕೆ ಎಂಬುದು ನಿಜ, ಆದರೆ ಇಲ್ಲಿ ಅದು ಬೇಕಿಲ್ಲ. ಎಡ–ಬಲಕ್ಕಿಂತ ಮೊದಲು ನೋಡಬೇಕಾದದ್ದು ಎತ್ತರ. ಯಾವ ಗುಳ್ಳೆಯ ಮೇಲಂಚು ಮೇಲಿದೆಯೋ ಅದು ಮೊದಲು. ಅಂಚುಗಳು ಹೆಚ್ಚುಕಡಿಮೆ ಸಮವಿದ್ದರೆ ಮಾತ್ರ ಎಡಗಡೆಯದು. ಗುಳ್ಳೆಯ ಬಾಲ ಯಾರ ಮಾತೆಂದು ತೋರಿಸುತ್ತದೆಯೇ ಹೊರತು ಸರದಿಯನ್ನಲ್ಲ. ಒಬ್ಬರದೇ ಎರಡು ಗುಳ್ಳೆಗಳು ಸಣ್ಣ ಕತ್ತಿನಿಂದ ಕೂಡಿಕೊಂಡಿರುವಾಗಲೂ ಎಚ್ಚರ ಬೇಕು: ಎತ್ತರದಲ್ಲಿ ಅವುಗಳ ನಡುವೆ ಬೇರೆಯವರ ಮಾತು ಬಂದರೆ ಎರಡನ್ನೂ ಒಟ್ಟುಗೂಡಿಸಬೇಡಿ, ಸಂಭಾಷಣೆ ಕೆಡುತ್ತದೆ.

ಸದ್ದಿಗೆ ಬಾಲವಿಲ್ಲ, ಹಾಗಾಗಿ ಎಲ್ಲಿಂದ ಬಂತೆಂದು ನೀವೇ ಹೇಳಬೇಕು. ಈ ಚೌಕವನ್ನು ನಾನಾದರೆ ಹೀಗೆ ಬರೆಯುತ್ತೇನೆ:

ನಿರೂಪಣೆ: ಅದೇ ರಾತ್ರಿ...
ಸದ್ದು, ಬಾಗಿಲಿನಿಂದ: ದಡ್ ದಡ್
ಅಜ್ಜಿ: ಯಾರದು?
ಹುಡುಗ, ಬಾಗಿಲಾಚೆಯಿಂದ: ನಾನೇ ಅಜ್ಜಿ, ಬಾಗಿಲು ತೆರೆ.

‘ದಡದಡನೆ ಬಡಿದ’ ಎಂದು ವಾಕ್ಯ ಮಾಡಲು ಹೋಗಬೇಡಿ. ಅಲ್ಲಿ ಬರೆದಿರುವುದು ‘ದಡ್ ದಡ್’ ಮಾತ್ರ.

ನಾಲ್ಕನೆಯವರು: ಗುಳ್ಳೆಗೆ ಎತ್ತರ ನೋಡುವವರು ಸದ್ದಿಗೇಕೆ ಕಾರಣ ನೋಡುತ್ತೀರಿ? ಸದ್ದು ಇರುವುದು ಕೆಳಗೆ. ಅಜ್ಜಿ ಕೇಳಿದ ಮೇಲೂ ಹುಡುಗ ಬಡಿಯುತ್ತಲೇ ಇರಬಹುದಲ್ಲ? ನಾನಾದರೆ ಸದ್ದನ್ನು ಕೊನೆಗೆ ಬರೆದು, ಎಲ್ಲಿದೆಯೆಂದು ಹೇಳಿ ಸುಮ್ಮನಾಗುತ್ತೇನೆ.

ಮತ್ತೊಬ್ಬರು: ಹಿಂದಿನ ಚೌಕ ನೋಡಿದರೆ ತಿಳಿಯುತ್ತದೆ. ಅಲ್ಲಿ ಅವನು ಆಗಲೇ ಬಡಿಯುತ್ತಿದ್ದರೆ ನಿಮ್ಮ ಮಾತಿಗೆ ಬೆಲೆಯಿದೆ.

ಪ್ರಶ್ನೆ ಕೇಳಿದವರು: ಹಿಂದಿನ ಚೌಕದಲ್ಲಿ ಹುಡುಗ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾನೆ, ಹಾಗಾಗಿ ಸದ್ದನ್ನು ಮೊದಲೇ ಇಟ್ಟೆ. ಆದರೆ ಮುಂದಿನ ಪುಟದಲ್ಲಿ ‘ಧಡಾರ್’ ಎಂಬುದರ ‘ಧ’ ಒಂದು ಚೌಕದಲ್ಲಿದೆ, ‘ಡಾರ್’ ಗೆರೆ ದಾಟಿ ಪಕ್ಕದ ಚೌಕಕ್ಕೆ ಚಾಚಿಕೊಂಡಿದೆ. ಬಾಗಿಲು ಮುರಿದು ಬೀಳುವುದು ಎರಡನೆಯದರಲ್ಲಿ.

ನಾಲ್ಕನೆಯವರು: ಶುರುವಾದ ಚೌಕಕ್ಕೇ ಸೇರಿಸಿ.

ಮತ್ತೊಬ್ಬರು: ಬೇಡ. ಬಾಗಿಲು ಬೀಳುವ ಮೊದಲೇ ಕೇಳುಗರಿಗೆ ಸದ್ದು ಕೇಳಿಸಿಬಿಡುತ್ತದೆ.