ಕ್ಯಾಶ್ ಬುಕ್‌ಗೂ ಪಾಸ್‌ಬುಕ್‌ಗೂ 7,710 ವ್ಯತ್ಯಾಸ, ಎಲ್ಲಿ ಹುಡುಕಲಿ?

ಅಂಗಡಿಲೆಕ್ಕ: ತಿಂಗಳ ಕೊನೆಗೆ ಕ್ಯಾಶ್ ಬುಕ್‌ನ ಬ್ಯಾಂಕ್ ಕಾಲಂನಲ್ಲಿ 48,250 ಉಳಿದಿದೆ. ಪಾಸ್‌ಬುಕ್‌ನಲ್ಲಿ 55,960 ಇದೆ. ಕೂಡಿದ್ದರಲ್ಲಿ ತಪ್ಪಿಲ್ಲ. ಬ್ಯಾಂಕಿನವರು ಯಾರದ್ದೋ ದುಡ್ಡು ನಮಗೆ ಹಾಕಿರಬಹುದಾ?

ಗಲ್ಲಾಪೆಟ್ಟಿಗೆ: ಗಲ್ಲದ ದುಡ್ಡು ಎಣಿಸಿದ್ರಾ? ಚಿಲ್ಲರೆ ಕೊಡುವಾಗ ನಮ್ಮಲ್ಲೂ ಹೆಚ್ಚುಕಮ್ಮಿ ಆಗುತ್ತದೆ.

ಅಂಗಡಿಲೆಕ್ಕ: ಅದು ನಗದಿನ ಕಾಲಂ, ಸರಿಯಿದೆ. ತಕರಾರು ಇರೋದು ಬ್ಯಾಂಕ್ ಕಾಲಂದು.

ಹಳೇಖಾತೆ: ಮೊತ್ತ ಬಿಡಿ, ಒಂದೊಂದೇ ಸಾಲು ತಾಳೆ ನೋಡಿ. ಎರಡೂ ಕಡೆ ಇರೋದಕ್ಕೆ ಟಿಕ್ ಹಾಕಿ. ನೀವು ಜಮೆ ಬರೆದದ್ದು ಅಲ್ಲೂ ಜಮೆಯಾಗಿದೆಯಾ ಅಂತಲೂ ನೋಡಿ. ಟಿಕ್ ಇಲ್ಲದೆ ಉಳಿದದ್ದನ್ನು ಇಲ್ಲಿ ಹಾಕಿ.

ಅಂಗಡಿಲೆಕ್ಕ: ಸರಕಿನವರಿಗೆ ಕೊಟ್ಟ 12,400ರ ಚೆಕ್ ಪಾಸ್‌ಬುಕ್‌ನಲ್ಲಿ ಇಲ್ಲ. 30ಕ್ಕೆ ನಾವು ಹಾಕಿದ 5,500ರ ಚೆಕ್ ಕೂಡ ಇಲ್ಲ.

ಹಳೇಖಾತೆ: ಮೊದಲನೆಯದನ್ನು ನೀವು ಆಗಲೇ ಕಳೆದಿದ್ದೀರಿ, ಬ್ಯಾಂಕ್ ಇನ್ನೂ ಕಳೆದಿಲ್ಲ. ಎರಡನೆಯದನ್ನು ನೀವು ಸೇರಿಸಿದ್ದೀರಿ, ಅಲ್ಲಿ ಇನ್ನೂ ಪಾಸಾಗಿಲ್ಲ. 12,400ರಲ್ಲಿ 5,500 ಹೋದರೆ 6,900. ಇನ್ನು 810 ಉಳೀತು.

ಬಾಕಿಪಟ್ಟಿ: 810 ಬ್ಯಾಂಕ್ ಚಾರ್ಜ್ ಅಷ್ಟೇ. ಖರ್ಚು ಅಂತ ಬರೆದು ಮುಗಿಸಿ ಸರ್.

ಹಳೇಖಾತೆ: ಅದು ಹೇಗಾಗುತ್ತೆ? ಚಾರ್ಜ್ ಕಡಿದರೆ ಪಾಸ್‌ಬುಕ್ ಕಮ್ಮಿ ಆಗಬೇಕು. ಇಲ್ಲಿ ಜಾಸ್ತಿ ಇದೆಯಲ್ಲ. ಆದರೆ ಚಾರ್ಜ್ ಏನಾದರೂ ಇದೆಯಾ ನೋಡೋದು ಒಳ್ಳೆಯದೇ.

ಅಂಗಡಿಲೆಕ್ಕ: ಇದೆ! 90 ಕಡಿದಿದ್ದಾರೆ. ನಮ್ಮ ಪುಸ್ತಕದಲ್ಲಿ ಬರೆದಿಲ್ಲ.

ಹಳೇಖಾತೆ: ಹಾಗಾದರೆ ಹುಡುಕಬೇಕಾದ್ದು 810 ಅಲ್ಲ, 900. ಇದು 9ರಿಂದ ಭಾಗ ಹೋಗುತ್ತದೆ. ಅಂಕಿ ಅದಲುಬದಲಾಗಿರಬಹುದು. ಸುಳಿವು ಮಾತ್ರ, 810 ಕೂಡ ಭಾಗ ಹೋಗುತ್ತಿತ್ತು! ಟಿಕ್ ಹಾಕಿದ ಸಾಲುಗಳಲ್ಲೇ ಮತ್ತೊಮ್ಮೆ ನೋಡಿ. ಮೊತ್ತ ಪೂರ್ತಿ ಓದದೆ ಟಿಕ್ ಹಾಕೋದು ಸಾಮಾನ್ಯ.

ಅಂಗಡಿಲೆಕ್ಕ: ಸಿಕ್ತು. ನಗದು ಕಟ್ಟಿದ್ದು 5,400, ಹುಡುಗ ಬರೆದದ್ದು 4,500. ಈಗ ಈ ನಾಲ್ಕನ್ನೂ ಪುಸ್ತಕದಲ್ಲಿ ಬರೆಯಲಾ?

ಹಳೇಖಾತೆ: ಬೇಡ. ಚಾರ್ಜ್ 90 ಮತ್ತು ತಪ್ಪಿದ 900, ಇವೆರಡನ್ನು ಮಾತ್ರ. ಪುಸ್ತಕ 49,060 ಆಗುತ್ತದೆ. ಚೆಕ್‌ಗಳನ್ನು ಆಗಲೇ ಬರೆದಿದ್ದೀರಿ, ಮತ್ತೆ ಬರೆದರೆ ಎರಡು ಸಲ ಆಗುತ್ತದೆ. ಅವನ್ನು ತಾಳೆಪಟ್ಟಿಯಲ್ಲಿ ಪಾಸ್‌ಬುಕ್ ಕಡೆ ತೋರಿಸಿ: 55,960ರಲ್ಲಿ 12,400 ಕಳೆದು 5,500 ಕೂಡಿಸಿದರೆ ಅದೂ 49,060.

ಸ್ವೈಪ್‌ಅಕ್ಕ: ನಮ್ಮಲ್ಲಿ ಕಾರ್ಡ್ ಮಾರಾಟದ ದುಡ್ಡು ಕಮಿಷನ್ ಕಡಿದುಕೊಂಡೇ ಖಾತೆಗೆ ಬರುತ್ತೆ, ಅದೂ ಎರಡು ದಿನದ್ದು ಸೇರಿ. ಸಾಲಿಗೆ ಸಾಲು ಟಿಕ್ ಹಾಕೋದು ಹೇಗಪ್ಪ?

ಹಳೇಖಾತೆ: ಮೆಷಿನ್‌ನವರ ದಿನದ ಪಟ್ಟಿ ಇಟ್ಟುಕೊಳ್ಳಿ ಅಕ್ಕ, ಅದಿಲ್ಲದೆ ಆಗಲ್ಲ. ಮಾರಾಟ ಪೂರ್ತಿ ಬರೆದು ಕಮಿಷನ್ ಬೇರೆ ಖರ್ಚು ತೋರಿಸಿ.

ಅಂಗಡಿಲೆಕ್ಕ: ಸರಕಿನವರಿಗೆ ಫೋನ್ ಮಾಡಿದೆ. ಆ 12,400ರ ಚೆಕ್ ಕೈಗೇ ಬಂದಿಲ್ಲ ಅಂತಾರೆ. ನಮ್ಮ ಹುಡುಗ ಕೊಟ್ಟೆ ಅಂತಾನೆ.

ಹಳೇಖಾತೆ: ಮೊದಲು ಬ್ಯಾಂಕಿನಲ್ಲಿ ಅದರ ಪಾವತಿ ನಿಲ್ಲಿಸಿ. ಯಾರ ಮಾತು ನಿಜ ಅಂತ ತಾಳೆಪಟ್ಟಿ ಹೇಳಲ್ಲ.