ಬಿಲ್ 4,72,000, ಖಾತೆಗೆ ಬಂದದ್ದು 3,92,000

ವೆಲ್ಡಿಂಗ್ ಗುತ್ತಿಗೆದಾರ, ಕೊಪ್ಪಳ: ಮೇಡಂ, ಆಗಸ್ಟ್ 2025ರಲ್ಲಿ ಒಂದು ಕಾರ್ಖಾನೆಯ ಶೆಡ್ ಕೆಲಸ ಮುಗಿಸಿದೆ. ಕೂಲಿ 4,00,000, ಜಿಎಸ್‌ಟಿ 72,000. ಅದೇ ತಿಂಗಳು 3,92,000 ಬಂತು. ಎಂಬತ್ತು ಸಾವಿರ ಎಲ್ಲಿ ಹೋಯಿತು? ಲೆಕ್ಕ ವಿಭಾಗದವರು "ಟಿಡಿಎಸ್" ಎಂದಷ್ಟೇ ಹೇಳುತ್ತಾರೆ. ಕೆಲಸ ನನ್ನ ಸ್ವಂತ ಹೆಸರಿನಲ್ಲಿದೆ.

ಲೆಕ್ಕಪರಿಶೋಧಕಿ, ಬಳ್ಳಾರಿ: ಟಿಡಿಎಸ್ ಎಂದರೆ ಹಣ ಕೊಡುವವರೇ ನಿಮ್ಮ ಆದಾಯ ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಕಡಿತವಾದ ಹಣವನ್ನು ಜಿಎಸ್‌ಟಿ ಇಲ್ಲದ ಮೊತ್ತದಿಂದ ಭಾಗಿಸಿ ನೋಡಿ: ಸರಿಯಾಗಿ ಶೇ. 20. ಒಬ್ಬ ವ್ಯಕ್ತಿಯ ಗುತ್ತಿಗೆ ಕೆಲಸಕ್ಕೆ ಶೇ. 1, ಅಂದರೆ 4,000 ಹಿಡಿಯಬೇಕಿತ್ತು. ಶೇ. 20 ಕಂಡರೆ ಹೆಚ್ಚಿನಂಶ ಪ್ಯಾನ್‌ನ ತೊಂದರೆ. ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿರಬೇಕು, ಇಲ್ಲವೇ ಅವರ ದಾಖಲೆಯಲ್ಲಿ ನಿಮ್ಮ ಪ್ಯಾನ್ ಇಲ್ಲದೆ ಇರಬೇಕು. ಆದಾಯ ತೆರಿಗೆ ಜಾಲತಾಣದಲ್ಲಿ, ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆರೆದು, ಆ ಕಾರ್ಖಾನೆಯ ಹೆಸರಿನಲ್ಲಿ 80,000 ಇದೆಯೇ ನೋಡಿ ತಿಳಿಸಿ. ಪ್ಯಾನ್ ಸ್ಥಿತಿಯನ್ನೂ ನೋಡಿ.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ: ಟಿಡಿಎಸ್ ಒಟ್ಟು ಬಿಲ್ ಮೇಲೆ ಬರುತ್ತದೆ, ಕೂಲಿಯ ಮೇಲಷ್ಟೇ ಅಲ್ಲ. ನನಗೆ ಹಾಗೆಯೇ ಹಿಡಿಯುತ್ತಾರೆ.

ಲೆಕ್ಕಪರಿಶೋಧಕಿ, ಬಳ್ಳಾರಿ: ನಿಮ್ಮ ಬಿಲ್‌ನಲ್ಲಿ ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿಲ್ಲದಿದ್ದರೆ ಹಾಗಾಗುತ್ತದೆ. ತೋರಿಸಿದ್ದರೆ ಅದನ್ನು ಬಿಟ್ಟೇ ಲೆಕ್ಕ ಹಾಕಬೇಕು.

ಲಾರಿ ಮಾಲೀಕ, ರಾಯಚೂರು: ನಮ್ಮ ಗುಂಪಿಗೆ ಬಂದ ಸಂದೇಶ: "15ಜಿ ಫಾರಂ ಬರೆದುಕೊಟ್ಟರೆ ಯಾವ ಕಂಪನಿಯೂ ಟಿಡಿಎಸ್ ಹಿಡಿಯುವಂತಿಲ್ಲ." ಎಲ್ಲರೂ ಕೊಡಿ.

ಲೆಕ್ಕಪರಿಶೋಧಕಿ, ಬಳ್ಳಾರಿ: ದಯವಿಟ್ಟು ಯಾರೂ ಕೊಡಬೇಡಿ. 15ಜಿ ಬ್ಯಾಂಕ್ ಬಡ್ಡಿಯಂಥ ಆದಾಯಕ್ಕೆ. ಗುತ್ತಿಗೆ ಬಿಲ್‌ಗೆ ಅದು ಅನ್ವಯಿಸುವುದೇ ಇಲ್ಲ. ಸುಳ್ಳು ಘೋಷಣೆಗೆ ಜೈಲು ಶಿಕ್ಷೆಯೂ ಇದೆ. ಈ ಸಂದೇಶವನ್ನು ನಂಬಿ ಸಹಿ ಮಾಡಿದವರನ್ನು ನಾನು ಕಂಡಿದ್ದೇನೆ. ನಿಮ್ಮದು ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿಯಾದರೆ, ಲಾರಿ ಅಷ್ಟೇ ಇವೆ ಎಂಬ ಘೋಷಣೆಯನ್ನು ಪ್ಯಾನ್ ಜೊತೆ ಬರೆದುಕೊಡಿ. ಬಾಡಿಗೆಗೆ ಟಿಡಿಎಸ್ ಹಿಡಿಯುವುದಿಲ್ಲ.

ವೆಲ್ಡಿಂಗ್ ಗುತ್ತಿಗೆದಾರ, ಕೊಪ್ಪಳ: ನೋಡಿದೆ ಮೇಡಂ. ಪ್ಯಾನ್ ಸಕ್ರಿಯವಾಗಿದೆ. 26ಎಎಸ್‌ನಲ್ಲಿ ಆ ಕಾರ್ಖಾನೆಯ ಹೆಸರೇ ಇಲ್ಲ. ಹಣ ನುಂಗಿದರೇ?

ಲೆಕ್ಕಪರಿಶೋಧಕಿ, ಬಳ್ಳಾರಿ: ಈಗಲೇ ಹಾಗೆ ಹೇಳಲಾಗದು, ಆದರೆ ನನಗೂ ಚಿಂತೆಯಾಗುತ್ತಿದೆ. ಆಗಸ್ಟ್‌ನಲ್ಲಿ ಹಿಡಿದದ್ದನ್ನು ಸೆಪ್ಟೆಂಬರ್ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕಿತ್ತು. ಆ ತ್ರೈಮಾಸಿಕದ ಟಿಡಿಎಸ್ ವಿವರಪಟ್ಟಿ ಸಲ್ಲಿಸಲು ಅಕ್ಟೋಬರ್ 31 ಕೊನೆ. ವಿವರಪಟ್ಟಿ ಸಲ್ಲಿಸಿದ ಮೇಲೆಯೇ ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಈಗ ನವೆಂಬರ್ ಕೊನೆ, ಕಾಣಲೇಬೇಕಿತ್ತು. ಪ್ಯಾನ್ ನಿಷ್ಕ್ರಿಯವಾಗಿದ್ದಿದ್ದರೂ ನಿಮ್ಮ ಹೆಸರಿನಲ್ಲಿ ದಾಖಲೆ ಬರುತ್ತಿತ್ತು. ಶೇ. 20 ಹಿಡಿದು, ಹೆಸರೂ ಇಲ್ಲವೆಂದರೆ, ಹೆಚ್ಚಾಗಿ ಅವರು ನಿಮ್ಮನ್ನು "ಪ್ಯಾನ್ ಇಲ್ಲದ ಗುತ್ತಿಗೆದಾರ" ಎಂದು ನಮೂದಿಸಿದ್ದಾರೆ. ಬಿಲ್‌ನಲ್ಲಿ ಪ್ಯಾನ್ ಬರೆದಿದ್ದಿರಾ?

ವೆಲ್ಡಿಂಗ್ ಗುತ್ತಿಗೆದಾರ, ಕೊಪ್ಪಳ: ಇಲ್ಲ. ಜಿಎಸ್‌ಟಿ ಸಂಖ್ಯೆ ಮಾತ್ರ ಇತ್ತು.

ಲೆಕ್ಕಪರಿಶೋಧಕಿ, ಬಳ್ಳಾರಿ: ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೂರನೆಯದರಿಂದ ಹನ್ನೆರಡನೆಯದರವರೆಗಿನ ಹತ್ತು ಅಕ್ಷರಗಳೇ ನಿಮ್ಮ ಪ್ಯಾನ್. ಅದು ಅವರ ಕಣ್ಣೆದುರೇ ಇತ್ತು. ಪ್ಯಾನ್ ಪ್ರತಿಯೊಂದಿಗೆ ಪತ್ರ ಬರೆದು, ಹಣ ಕಟ್ಟಿದ ಚಲನ್ ವಿವರ ಕೇಳಿ. ಕಟ್ಟಿದ್ದರೆ ತಿದ್ದುಪಡಿ ವಿವರಪಟ್ಟಿ ಸಲ್ಲಿಸಿ ಪ್ಯಾನ್ ಸೇರಿಸಲು, ನಂತರ 16ಎ ಪ್ರಮಾಣಪತ್ರ ಕೊಡಲು ಒತ್ತಾಯಿಸಿ. ಆಗ 80,000 ನಿಮ್ಮ 26ಎಎಸ್‌ಗೆ ಬರುತ್ತದೆ, ರಿಟರ್ನ್ಸ್‌ನಲ್ಲಿ ನಿಮ್ಮ ತೆರಿಗೆ ಕಳೆದು ಉಳಿದದ್ದು ಮರಳುತ್ತದೆ. ಕೈಗೆ ನಗದು ಕೊಡಿ ಎಂದು ಕೇಳಬೇಡಿ. ಕಟ್ಟಿದ ಹಣ ಅವರ ಬಳಿ ಇರುವುದಿಲ್ಲ.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ: ಒಟ್ಟು ಬಿಲ್ ಮೇಲೆಯೇ ಎಂದು ನಮ್ಮ ಗುಮಾಸ್ತರೂ ಹೇಳುತ್ತಾರೆ.

ರಸ್ತೆ ಗುತ್ತಿಗೆದಾರ, ಸಿಂಧನೂರು: ನಿಮ್ಮ ಗುಮಾಸ್ತರ ಮಾತು ಇಲ್ಲಿ ಯಾರಿಗೆ ಬೇಕು? ನನ್ನದು ನಿಜವಾದ ತೊಂದರೆ. ಒಂದು ಇಲಾಖೆ ನನ್ನ 6,00,000ದ ಕಾಮಗಾರಿಯಲ್ಲಿ ಆದಾಯ ತೆರಿಗೆಯ ಜೊತೆಗೆ ಇನ್ನೂ 12,000 ಹಿಡಿದಿದೆ. 26ಎಎಸ್‌ನಲ್ಲಿ ಅದಿಲ್ಲ. ಎರಡು ಸಲ ದೋಚಿದ್ದಾರೆ!

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ: ಮರ್ಯಾದೆಯಿಂದ ಮಾತನಾಡಿ. ಸರ್ಕಾರಿ ಬಿಲ್ ಮಾಡಿಸಿಕೊಳ್ಳುವವರ ಕಥೆ ನಮಗೂ ಗೊತ್ತಿದೆ.

ಲೆಕ್ಕಪರಿಶೋಧಕಿ, ಬಳ್ಳಾರಿ: ಇಬ್ಬರೂ ನಿಲ್ಲಿಸಿ. 12,000 ಶೇ. 2, ಜಿಎಸ್‌ಟಿಯ ಟಿಡಿಎಸ್. ಒಪ್ಪಂದ ಎರಡೂವರೆ ಲಕ್ಷ ಮೀರಿದರೆ ಸರ್ಕಾರಿ ಕಚೇರಿ ಅದನ್ನು ಹಿಡಿಯಬೇಕು. 26ಎಎಸ್‌ನಲ್ಲಿ ಹುಡುಕಬೇಡಿ. ಜಿಎಸ್‌ಟಿ ಜಾಲತಾಣದಲ್ಲಿ "TDS and TCS credit received" ತೆರೆದು ಒಪ್ಪಿಗೆ ಒತ್ತಿ. ನಿಮ್ಮ ನಗದು ಖಾತೆಗೆ ಬರುತ್ತದೆ.

ಭತ್ತದ ವ್ಯಾಪಾರಿ, ಗಂಗಾವತಿ: ಅಕ್ಕಿ ಗಿರಣಿಗೆ ಮಾರಿದ್ದಕ್ಕೂ ಹಿಡಿಯುತ್ತಾರೆಯೇ ಮೇಡಂ?

ಎಲೆಕ್ಟ್ರಿಕಲ್ ಗುತ್ತಿಗೆದಾರ, ಬಳ್ಳಾರಿ: ನನ್ನ ಬಿಲ್ ಕೂಲಿ 50,000, ಬಂದದ್ದು 49,500. ಏಕೆ?

ಲೆಕ್ಕಪರಿಶೋಧಕಿ, ಬಳ್ಳಾರಿ: ಶೇ. 1. ಮೇಲೆ ಓದಿ.

ಲಾರಿ ಮಾಲೀಕ, ರಾಯಚೂರು: ಇನ್ನೊಂದು ಬಂದಿದೆ: ಬಿಲ್ ಅನ್ನು 30,000ಕ್ಕಿಂತ ಕಡಿಮೆ ಮಾಡಿ ತುಂಡರಿಸಿದರೆ...

ಲೆಕ್ಕಪರಿಶೋಧಕಿ, ಬಳ್ಳಾರಿ: ವರ್ಷದ ಒಟ್ಟು ಒಂದು ಲಕ್ಷ ಮೀರಿದರೆ ಎಲ್ಲ ತುಂಡುಗಳಿಗೂ ಹಿಡಿಯುತ್ತಾರೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ವೆಲ್ಡಿಂಗ್ ಗುತ್ತಿಗೆದಾರ, ಕೊಪ್ಪಳ: ಮೇಡಂ, ಫೋನ್ ಮಾಡಿದೆ. "ಆಗಲೇ ಕಟ್ಟಿದ್ದೇವೆ, ತಿದ್ದುಪಡಿ ನಮ್ಮ ಕೆಲಸವಲ್ಲ" ಎಂದರು.

ಲೆಕ್ಕಪರಿಶೋಧಕಿ, ಬಳ್ಳಾರಿ: ಅದು ಅವರದೇ ಕೆಲಸ, ನೀವೂ ನಾನೂ ಮಾಡಲಾಗದು. ಫೋನಿನಲ್ಲಿ ಬೇಡ. ಪತ್ರದ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ, ಆ ಪ್ರತಿಯನ್ನು ನನಗೆ ಕಳುಹಿಸಿ.